ಉಂಡೆ ಕಟ್ಟುವ ಮೊದಲೇ ತೊಳೆಯಿರಿ: ಮನೆಯ ಬೆಣ್ಣೆ ಬೇಗ ಕೆಡದಂತೆ ಇಡುವ ಬಗೆ

ದಾವಣಗೆರೆಯಲ್ಲಿ ಬೆಣ್ಣೆ ಅಂದ್ರೆ ಬಿಳಿ ಬೆಣ್ಣೆಯೇ. ದೋಸೆಯ ಮೇಲೆ ಕರಗುವುದೂ ಅದೇ, ಜೋಳದ ರೊಟ್ಟಿಯ ಪಕ್ಕ ಕೂರುವುದೂ ಅದೇ. ಮನೆಯಲ್ಲಿ ಎಮ್ಮೆ ಹಾಲು ತರಿಸುವವರು ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಾರೆ. ತೆಗೆಯುವುದು ಕಷ್ಟವಲ್ಲ. ಇಡುವುದು ಕಷ್ಟ. ಫ್ರಿಜ್ಜಿನಲ್ಲಿಟ್ಟರೂ ಐದಾರು ದಿನಕ್ಕೆ ಹುಳಿ ವಾಸನೆ ಶುರುವಾಗುತ್ತದೆ. ಆಮೇಲೆ ಬೇರೆ ದಾರಿಯಿಲ್ಲದೆ ಕಾಸಿ ತುಪ್ಪ ಮಾಡುತ್ತೇವೆ.

ನಾನೂ ಬಹಳ ವರ್ಷ ಹಾಗೇ ಮಾಡುತ್ತಿದ್ದೆ. ಬೆಣ್ಣೆ ಬಂದ ಕೂಡಲೇ ಎಲ್ಲವನ್ನೂ ಬಳಿದು ದೊಡ್ಡ ಉಂಡೆ ಕಟ್ಟುವುದು, ನಲ್ಲಿಯ ಕೆಳಗೆ ಹಿಡಿದು ಎರಡು ಸಲ ತೊಳೆಯುವುದು, ಮೇಲೆ ಒಂದು ಚಿಟಿಕೆ ಉಪ್ಪು ಸವರಿ ಡಬ್ಬಿಗೆ ಹಾಕುವುದು. ತೊಳೆದಿದ್ದೇನೆ, ಉಪ್ಪೂ ಹಾಕಿದ್ದೇನೆ, ಆದರೂ ಯಾಕೆ ಕೆಡುತ್ತದೆ ಅಂತ ಅರ್ಥವೇ ಆಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಜಗಳೂರು ಕಡೆಯ ಹಳ್ಳಿಯಿಂದ ನಮ್ಮ ಅತ್ತೆ ಬಂದಿದ್ದರು. ಎರಡು ಎಮ್ಮೆ ಕಟ್ಟಿ, ವರ್ಷಗಟ್ಟಲೆ ಬೆಣ್ಣೆ ಮಾರಿದವರು. ನಾನು ಉಂಡೆ ತೊಳೆಯುವುದನ್ನು ನೋಡಿ, "ಅಲ್ಲವ್ವ, ಉಂಡಿ ಕಟ್ಟಿದ್ಮೇಲೆ ತೊಳೆದ್ರೆ ಅದರ ಮೈ ತೊಳೆದಂಗಾತು ಅಷ್ಟೇ, ಹೊಟ್ಟಿ ತೊಳೆದಂಗಲ್ಲ" ಅಂದರು. ನನ್ನ ತಪ್ಪು ಎಲ್ಲಿದೆ ಅಂತ ಆ ಒಂದು ಮಾತಿನಲ್ಲಿ ಗೊತ್ತಾಯಿತು.

ಬೆಣ್ಣೆಯ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಮೊದಲು ನೋಡೋಣ. ಬೆಣ್ಣೆ ಬರೀ ಕೊಬ್ಬಲ್ಲ. ಚೆನ್ನಾಗಿ ನಾದಿದ ಬೆಣ್ಣೆಯಲ್ಲಿ ನೂರು ಗ್ರಾಮಿಗೆ ಸುಮಾರು 80 ಗ್ರಾಂ ಕೊಬ್ಬು, 16 ಗ್ರಾಂ ನೀರು. ಮನೆಯ ಬೆಣ್ಣೆಯಲ್ಲಿ ನೀರು ಸ್ವಲ್ಪ ಜಾಸ್ತಿಯೇ, 18, 20ರವರೆಗೂ ಇರಬಹುದು. ಈ ನೀರು ಅಂದರೆ ಬೇರೇನಲ್ಲ, ಒಳಗೆ ಸಿಕ್ಕಿಕೊಂಡ ಮಜ್ಜಿಗೆ. ಅದರಲ್ಲಿ ಹಾಲಿನ ಸಕ್ಕರೆ ಇದೆ, ಪ್ರೋಟೀನ್ ಇದೆ, ಹೆಪ್ಪಿನ ಹುಳಿ ಇದೆ. ಬ್ಯಾಕ್ಟೀರಿಯಾಗೆ ಬೇಕಾದ ಊಟವೆಲ್ಲ ಅಲ್ಲೇ ಇದೆ. ಬರೀ ಕೊಬ್ಬಿನಲ್ಲಿ ಅವು ಬೆಳೆಯಲಾರವು, ಅವಕ್ಕೆ ನೀರು ಬೇಕು. ತುಪ್ಪ ತಿಂಗಳುಗಟ್ಟಲೆ ಹೊರಗೇ ಇದ್ದರೂ ಕೆಡದಿರುವುದಕ್ಕೆ ಇದೇ ಕಾರಣ: ಕಾಸುವಾಗ ನೀರೆಲ್ಲ ಆವಿಯಾಗಿ ಹೋಗಿರುತ್ತದೆ.

ಹಾಗಾಗಿ ಬೆಣ್ಣೆಯನ್ನು ಬೆಣ್ಣೆಯಾಗಿಯೇ ಇಡಬೇಕು ಅಂದರೆ ಆ ನೀರಿನ ಕಡೆ ಗಮನ ಕೊಡಬೇಕು. ತೊಳೆಯುವುದು ನೀರಿನಲ್ಲಿರುವ ಊಟವನ್ನು ತೆಗೆಯುತ್ತದೆ. ನಾದುವುದು ಉಳಿದ ನೀರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಉಪ್ಪು ಆ ಹನಿಗಳನ್ನು ಉಪ್ಪುನೀರು ಮಾಡುತ್ತದೆ. ಮೂರೂ ಸೇರಿದರೆ ಮಾತ್ರ ಕೆಲಸ ಆಗುತ್ತದೆ. ಅದೂ ಇದೇ ಕ್ರಮದಲ್ಲಿ ಆಗಬೇಕು.

ಈಗ ತೊಳೆಯುವ ವಿಷಯ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಇಲ್ಲಿ ಮುಖ್ಯ. ಕಡೆಯುತ್ತಾ ಹೋದಂತೆ ಮೊದಲು ನೊರೆ ಬರುತ್ತದೆ, ಆಮೇಲೆ ರವೆಯಂಥ ಕಾಳು ಕಾಣಿಸುತ್ತದೆ, ಕಡಗೋಲಿನ ಸದ್ದೂ ಬದಲಾಗುತ್ತದೆ. ಮೊದಲಿದ್ದ ಭಾರದ ಸದ್ದು ಹೋಗಿ ನೀರಿನಲ್ಲಿ ಕಡೆದ ಹಾಗೆ ಚಳಪಳ ಅನ್ನುತ್ತದೆ. ಆಗ ನೋಡಿ. ಕಾಳು ಜೋಳದಷ್ಟು ದಪ್ಪ ಆಗಿದ್ದರೆ ನಿಲ್ಲಿಸಿಬಿಡಬೇಕು. ಇನ್ನೂ ನಾಲ್ಕು ಸುತ್ತು ಕಡೆದರೆ ಕಾಳುಗಳೆಲ್ಲ ಕೂಡಿ ಮುದ್ದೆಯಾಗುತ್ತವೆ, ಮಧ್ಯದ ಮಜ್ಜಿಗೆ ಒಳಗೇ ಉಳಿಯುತ್ತದೆ. ಮಿಕ್ಸಿಯಲ್ಲಿ ಮಾಡುವವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಕಾಳು ಮುದ್ದೆಯಾಗಲು ಕೆಲವೇ ಸೆಕೆಂಡು ಸಾಕು. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಪ್ರತಿ ಸಲ ಮುಚ್ಚಳ ತೆಗೆದು ನೋಡಿ.

ಕಾಳು ಬಿಡಿಬಿಡಿಯಾಗಿದ್ದರೆ ಏನು ಲಾಭ? ಒಂದು ಲೆಕ್ಕ ಹಾಕೋಣ. ಅರ್ಧ ಕೆಜಿ ಬೆಣ್ಣೆಯ ಕಾಳುಗಳಿಂದ ಮಜ್ಜಿಗೆ ಸೋಸಿ ತೆಗೆದ ಮೇಲೂ ಕಾಳುಗಳ ಸಂದಿಯಲ್ಲಿ ಒಂದು ಲೋಟ, ಅಂದರೆ 200 ಮಿಲಿ ಮಜ್ಜಿಗೆ ಉಳಿದಿದೆ ಅಂದುಕೊಳ್ಳಿ. ಅದಕ್ಕೆ ನಾಲ್ಕು ಲೋಟ ತಣ್ಣೀರು ಹಾಕಿ ಮೆಲ್ಲಗೆ ತಿರುವಿ ಸೋಸಿದರೆ ಸಂದಿಯಲ್ಲಿ ಮತ್ತೆ ಒಂದು ಲೋಟ ಉಳಿಯುತ್ತದೆ, ಆದರೆ ಅದರಲ್ಲಿ ಮಜ್ಜಿಗೆ ಐದರಲ್ಲಿ ಒಂದು ಪಾಲು ಮಾತ್ರ. ಎರಡನೇ ಸಲ ತೊಳೆದರೆ ಇಪ್ಪತ್ತೈದರಲ್ಲಿ ಒಂದು ಪಾಲು. ಮೂರನೇ ಸಲಕ್ಕೆ ನೂರಿಪ್ಪತ್ತೈದರಲ್ಲಿ ಒಂದು ಪಾಲು. ಅಂದರೆ 200 ಮಿಲಿ ಇದ್ದ ಮಜ್ಜಿಗೆ ಎರಡು ಮಿಲಿಗಿಂತ ಕಡಿಮೆಯಾಗುತ್ತದೆ. ಅಷ್ಟೇ ನೀರನ್ನು ಒಂದೇ ಸಲ ಸುರಿದಿದ್ದರೆ ಇಷ್ಟು ಕಡಿಮೆ ಆಗುತ್ತಿರಲಿಲ್ಲ. ಮುದ್ದೆಯಾದ ಬೆಣ್ಣೆಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ, ನೀರು ಒಳಗೆ ಹೋದರೆ ತಾನೆ? ಕಾಳಿನ ಒಳಗೂ ಸ್ವಲ್ಪ ಮಜ್ಜಿಗೆ ಇರುತ್ತದೆ, ಅದು ತೊಳೆದರೆ ಹೋಗುವುದಿಲ್ಲ. ಆದರೆ ಸಂದಿಯಲ್ಲಿ ಇರುವುದಕ್ಕಿಂತ ಅದು ಕಡಿಮೆ.

ಕಣ್ಣಿಗೂ ಇದು ಕಾಣುತ್ತದೆ. ಮೊದಲ ನೀರು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ. ಎರಡನೆಯದು ಅಕ್ಕಿ ತೊಳೆದ ನೀರಿನ ಹಾಗೆ. ಮೂರನೆಯದನ್ನು ಗಾಜಿನ ಲೋಟಕ್ಕೆ ಹಾಕಿ ಹಿಂದೆ ಬೆರಳಿಟ್ಟರೆ ಬೆರಳಿನ ಗೆರೆ ಕಾಣಬೇಕು. ಕಾಣದಿದ್ದರೆ ಇನ್ನೊಂದು ಸಲ ತೊಳೆಯಿರಿ. ಕಂಡ ಮೇಲೂ ತೊಳೆಯುತ್ತಾ ಹೋಗಬೇಡಿ. ನಮ್ಮ ಬೆಣ್ಣೆಯ ಘಮ ಹೆಪ್ಪಿನಿಂದ ಬಂದದ್ದು. ಜಾಸ್ತಿ ತೊಳೆದರೆ ಅದೂ ನೀರಿನ ಜೊತೆ ಹೋಗಿ ಬೆಣ್ಣೆ ಸಪ್ಪೆಯಾಗುತ್ತದೆ. ಎರಡೇ ದಿನದಲ್ಲಿ ರೊಟ್ಟಿಗೆ ತಿಂದು ಮುಗಿಸುವ ಬೆಣ್ಣೆಯನ್ನು ನಾನು ಈಗಲೂ ಒಂದೇ ಸಲ ತೊಳೆಯುತ್ತೇನೆ. ಆ ರುಚಿಯೇ ಬೇರೆ.

ನೀರು ಎಷ್ಟು ತಣ್ಣಗಿರಬೇಕು? 10ರಿಂದ 12 ಡಿಗ್ರಿ ಇದ್ದರೆ ಚೆನ್ನ. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಒಂದು ಕಾಳನ್ನು ಎರಡು ಬೆರಳ ಮಧ್ಯೆ ಒತ್ತಿ ನೋಡಿ. ಅಂಟದೆ ಚಪ್ಪಟೆಯಾದರೆ ಸರಿ. ಬೆರಳಿಗೆ ಜಿಡ್ಡು ಮೆತ್ತಿದರೆ ನೀರು ಬಿಸಿಯಾಯಿತು ಅಂತ ಅರ್ಥ, ಅಂಥ ಕಾಳು ಒಂದಕ್ಕೊಂದು ಅಂಟಿಕೊಂಡು ಮಜ್ಜಿಗೆಯನ್ನು ಒಳಗೇ ಹಿಡಿದುಕೊಳ್ಳುತ್ತದೆ. ಒತ್ತಿದರೆ ಪುಡಿಯಾಗುವಷ್ಟು ಗಟ್ಟಿಯಾದರೆ ನೀರು ತೀರಾ ತಣ್ಣಗಾಯಿತು, ಆಮೇಲೆ ಉಪ್ಪು ಬೆರೆಯುವುದಿಲ್ಲ, ಬೆಣ್ಣೆ ಕೂಡುವುದೂ ಇಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ನಲ್ಲಿ ನೀರನ್ನು ಹಾಗೇ ಬಳಸುವ ಮಾತೇ ಇಲ್ಲ, ತೊಟ್ಟಿಯಿಂದ ಬರುವಾಗಲೇ ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಕಡೆಯುವ ಮೊಸರು, ತೊಳೆಯುವ ನೀರು, ಬೋಗುಣಿ ಮೂರನ್ನೂ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು ಕೆಲಸ ಮುಗಿಸುವುದು ಒಳ್ಳೆಯದು.

ನೀರಿನ ಗುಣವೂ ಮುಖ್ಯ. ಕುದಿಸಿ ಆರಿಸಿದ ನೀರೇ ಬೇಕು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಕೆಲವು ಬ್ಯಾಕ್ಟೀರಿಯಾ ನೀರಿನಲ್ಲೇ ವಾಸ ಮಾಡುತ್ತವೆ. ಕುದಿಸದ ನೀರಿನಲ್ಲಿ ತೊಳೆದರೆ ಮಜ್ಜಿಗೆಯನ್ನು ತೆಗೆದು ಅವನ್ನು ಒಳಗೆ ಬಿಟ್ಟ ಹಾಗಾಗುತ್ತದೆ. ಇನ್ನೊಂದು, ಜಗಳೂರು, ಚಳ್ಳಕೆರೆ ಕಡೆ ಬೋರ್‌ವೆಲ್ ನೀರು ಬಳಸುವವರು ಗಮನಿಸಬೇಕು. ಪಾತ್ರೆಗೆ ಬಿಳಿ ಪೊರೆ ಕಟ್ಟುವ ಗಡಸು ನೀರನ್ನು ಕುದಿಸಿ, ತಳ ಕೂತ ಮೇಲೆ ಮೇಲಿನದನ್ನು ಬಸಿದುಕೊಂಡರೆ ಆಯಿತು. ಆದರೆ ಕೆಂಪು ಕಲೆ ಮಾಡುವ ನೀರು ಬೇಡ. ಅದರಲ್ಲಿ ಕಬ್ಬಿಣ ಇರುತ್ತದೆ. ಕಬ್ಬಿಣ, ತಾಮ್ರ ಇವು ಒಂದಿಷ್ಟು ಇದ್ದರೂ ಕೊಬ್ಬು ಗಾಳಿಯ ಜೊತೆ ಸೇರಿ ಬೇಗ ಕಮಟಾಗುತ್ತದೆ. ಹಾಗಾಗಿ ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿಯಲು ಇರಲಿ, ಬೆಣ್ಣೆ ತೊಳೆಯಲು ಬೇಡ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯೂ ಬೇಡ. ಸ್ಟೀಲು, ಗಾಜು, ಪಿಂಗಾಣಿ, ಮರ ಇವು ಸಾಕು.

ತೊಳೆದ ಕಾಳುಗಳನ್ನು ಜರಡಿಯಲ್ಲಿ ಬಸಿಯಲು ಬಿಟ್ಟು, ಆಮೇಲೆ ಅಗಲವಾದ ಪರಾತಕ್ಕೆ ಹಾಕಿ. ಪರಾತದ ಒಂದು ಬದಿಗೆ ಮಡಚಿದ ಬಟ್ಟೆ ಕೊಟ್ಟು ಓರೆ ಮಾಡಿಕೊಳ್ಳಿ, ನೀರು ತಾನಾಗಿ ಇಳಿಯುತ್ತದೆ. ತಣ್ಣೀರಲ್ಲಿ ಅದ್ದಿದ ಮರದ ಸೌಟಿನ ಬೆನ್ನಿನಿಂದ ಬೆಣ್ಣೆಯನ್ನು ಒತ್ತಿ ಹರಡಿ, ಮಡಚಿ, ಮತ್ತೆ ಒತ್ತಿ. ಉಜ್ಜಬಾರದು, ಒತ್ತಬೇಕು. ಉಜ್ಜಿದರೆ ಬೆಣ್ಣೆ ಮೇಣದ ಹಾಗೆ ಜಿಡ್ಡುಜಿಡ್ಡಾಗುತ್ತದೆ. ಅತ್ತೆ ಅಂಗೈಯಲ್ಲೇ ಮಾಡುತ್ತಿದ್ದರು, ಪ್ರತಿ ಎರಡು ನಿಮಿಷಕ್ಕೊಮ್ಮೆ ಕೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದುತ್ತಿದ್ದರು. ಅವರ ಕೈಗೆ ಆ ಹದ ಗೊತ್ತಿತ್ತು. ನನ್ನ ಕೈ ಬಿಸಿ, ನನಗೆ ಸೌಟೇ ಸರಿ.

ಮೊದಮೊದಲು ದೊಡ್ಡ ಹನಿಗಳು ಉದುರುತ್ತವೆ. ಐದಾರು ನಿಮಿಷಕ್ಕೆ ಹನಿ ನಿಲ್ಲುತ್ತದೆ. ಆಗ ಚಾಕುವಿನಿಂದ ಬೆಣ್ಣೆಯನ್ನು ಕತ್ತರಿಸಿ, ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಬೆವರಿನಂತೆ ಹನಿಗಳು ಕಂಡರೆ ಇನ್ನೂ ನಾದಬೇಕು. ಮುಖ ಒಣಗಿ ನುಣ್ಣಗೆ ಕಂಡರೆ ಸಾಕು. ಒಳಗೆ ನೀರು ಇನ್ನೂ ಇದೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೊಬ್ಬಿನ ಮಧ್ಯೆ ಹಂಚಿಹೋಗಿದೆ. ಇದರಿಂದಾಗುವ ಲಾಭ ದೊಡ್ಡದು. ಹನಿಗಳು ಬ್ಯಾಕ್ಟೀರಿಯಾಗಿಂತ ಎಷ್ಟೋ ಪಾಲು ಜಾಸ್ತಿ ಇರುವುದರಿಂದ ಬಹಳಷ್ಟು ಹನಿಗಳಲ್ಲಿ ಬ್ಯಾಕ್ಟೀರಿಯಾನೇ ಇರುವುದಿಲ್ಲ. ಇರುವ ಹನಿಯಲ್ಲೂ ಅದು ಅಲ್ಲೇ ಬಂಧಿ. ಕೊಬ್ಬನ್ನು ದಾಟಿ ಪಕ್ಕದ ಹನಿಗೆ ಹೋಗಲಾರದು, ಇದ್ದಲ್ಲಿಯ ಊಟ ಮುಗಿದರೆ ಬೆಳೆಯಲಾರದು. ದೊಡ್ಡ ಹನಿ ಉಳಿದರೆ ಅದು ಅವಕ್ಕೆ ಕೆರೆಯಿದ್ದ ಹಾಗೆ.

ಇಷ್ಟಾದ ಮೇಲೆ ಉಪ್ಪು. ನಾನು ಹಾಕುತ್ತಿದ್ದ ಚಿಟಿಕೆ ಉಪ್ಪು ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನುವುದಕ್ಕೂ ಲೆಕ್ಕವೇ ಉತ್ತರ. ಉಪ್ಪು ಕೊಬ್ಬಿನಲ್ಲಿ ಕರಗುವುದಿಲ್ಲ. ಎಷ್ಟು ಹಾಕಿದರೂ ಅದೆಲ್ಲ ನೀರಿಗೇ ಸೇರುತ್ತದೆ. ನಮ್ಮ ಅರ್ಧ ಕೆಜಿ ಬೆಣ್ಣೆಯಲ್ಲಿ ಸುಮಾರು 90 ಗ್ರಾಂ ನೀರಿದೆ ಅಂತಿಟ್ಟುಕೊಳ್ಳಿ. ಹತ್ತು ಗ್ರಾಂ ಉಪ್ಪು ಹಾಕಿದರೆ 90 ಗ್ರಾಂ ನೀರು, 10 ಗ್ರಾಂ ಉಪ್ಪು, ಅಂದರೆ ನೂರಕ್ಕೆ ಹತ್ತರಷ್ಟು ಗಾಢವಾದ ಉಪ್ಪುನೀರು. ಸಮುದ್ರದ ನೀರಿನಲ್ಲಿ ಉಪ್ಪು ನೂರಕ್ಕೆ ಮೂರೂವರೆ ಮಾತ್ರ. ಅದರ ಮೂರು ಪಟ್ಟು ಉಪ್ಪಿರುವ ಹನಿಯಲ್ಲಿ ಬೆಣ್ಣೆ ಕೆಡಿಸುವ ಬಹಳಷ್ಟು ಬ್ಯಾಕ್ಟೀರಿಯಾ ಬೆಳೆಯಲಾರವು. ಆದರೂ ನಾಲಿಗೆಗೆ ಅಷ್ಟು ಉಪ್ಪು ಅನ್ನಿಸುವುದಿಲ್ಲ, ಯಾಕಂದರೆ ಇಡೀ ಬೆಣ್ಣೆಗೆ ಲೆಕ್ಕ ಹಾಕಿದರೆ ನೂರಕ್ಕೆ ಎರಡೇ. ಅದೇ ಅರ್ಧ ಕೆಜಿಗೆ ಎರಡು ಗ್ರಾಂ ಉಪ್ಪು ಹಾಕಿದ್ದರೆ? ಹನಿಯಲ್ಲಿ ಉಪ್ಪು ನೂರಕ್ಕೆ ಎರಡರ ಆಸುಪಾಸು ಮಾತ್ರ. ಅದು ರುಚಿಗಾಯಿತು, ಕಾಪಾಡಲು ಆಗಲಿಲ್ಲ. ಚಿಟಿಕೆಯಂತೂ ಅದಕ್ಕಿಂತಲೂ ಕಡಿಮೆ. ಹತ್ತು ಗ್ರಾಂ ಅಂದರೆ ಪುಡಿ ಉಪ್ಪು ಸಮ ಮಾಡಿದ ಎರಡು ಟೀ ಚಮಚ, ಸ್ವಲ್ಪ ಕಡಿಮೆಯೇ ಇರಲಿ.

ಉಪ್ಪು ನುಣ್ಣಗಿರಬೇಕು, ಒಣಗಿರಬೇಕು. ಹರಳುಪ್ಪೇ ಇದ್ದರೆ ಹುರಿದು ಪುಡಿ ಮಾಡಿ ಜರಡಿ ಹಿಡಿಯಿರಿ. ದಪ್ಪ ಹರಳು ಬೆಣ್ಣೆಯ ಇಷ್ಟು ಕಡಿಮೆ ನೀರಿನಲ್ಲಿ ಪೂರ್ತಿ ಕರಗದೆ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಬೆಣ್ಣೆಯನ್ನು ಪರಾತದಲ್ಲಿ ತೆಳ್ಳಗೆ ಹರಡಿ, ಮೂರರಲ್ಲಿ ಒಂದು ಪಾಲು ಉಪ್ಪು ಉದುರಿಸಿ, ಮಡಚಿ ಒತ್ತಿ. ಮತ್ತೆ ಹರಡಿ, ಮತ್ತೊಂದು ಪಾಲು. ಹೀಗೆ ಮೂರು ಸಲ. ಆಮೇಲೆ ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಈ ಅರ್ಧ ಗಂಟೆಯ ನಂತರದ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಉಪ್ಪಿಗೆ ನೀರೆಳೆಯುವ ಗುಣ ಇದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಹೋಳಿಗೆ ಉಪ್ಪು ಹಾಕಿದರೆ ರಾತ್ರಿ ಕಳೆಯುವುದರೊಳಗೆ ನೀರು ಬಿಡುತ್ತದಲ್ವಾ, ಬೆಣ್ಣೆಯಲ್ಲೂ ಹಾಗೇ. ಪ್ರತಿ ಉಪ್ಪಿನ ಕಣ ಸುತ್ತಲಿನ ಸಣ್ಣ ಹನಿಗಳನ್ನು ತನ್ನ ಕಡೆ ಎಳೆದುಕೊಂಡು ದೊಡ್ಡ ಹನಿ ಮಾಡುತ್ತದೆ. ಅಷ್ಟು ಹೊತ್ತು ನಾದಿ ಒಡೆದ ಹನಿಗಳು ಮತ್ತೆ ಕೂಡಿಕೊಳ್ಳುತ್ತವೆ. ಫ್ರಿಜ್ಜಿನಿಂದ ತೆಗೆದು ಕತ್ತರಿಸಿ ನೋಡಿದರೆ ಅಲ್ಲಲ್ಲಿ ನೀರು ನೀರಾದ ಮಸುಕು ಗೆರೆ, ಪಕ್ಕದಲ್ಲಿ ಅಚ್ಚ ಬಿಳಿ ಪಟ್ಟೆ ಕಾಣುತ್ತವೆ. ಅಂದರೆ ಒಂದು ಕಡೆ ಉಪ್ಪು ಜಾಸ್ತಿ, ಇನ್ನೊಂದು ಕಡೆ ಏನೂ ಇಲ್ಲ. ಉಪ್ಪಿಲ್ಲದ ಆ ಬಿಳಿ ಪಟ್ಟೆಯಿಂದಲೇ ಬೆಣ್ಣೆ ಕೆಡಲು ಶುರುವಾಗುತ್ತದೆ. ಸ್ವಲ್ಪ ಮೆತ್ತಗಾದ ಮೇಲೆ ಎರಡನೇ ಸಲ ಒತ್ತಿ ನಾದಿ, ಪಟ್ಟೆ ಮಾಯವಾಗಿ ಎಲ್ಲ ಒಂದೇ ಬಣ್ಣ ಬರುವವರೆಗೆ. ಸ್ವಲ್ಪ ಉಪ್ಪುನೀರು ಇಳಿಯುತ್ತದೆ, ಅದನ್ನು ಚೆಲ್ಲಿ.

ತುಂಬಿಡಲು ಸಣ್ಣ ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿ ಒಳ್ಳೆಯದು. ದೊಡ್ಡ ಒಂದು ಡಬ್ಬಿಗಿಂತ ಸಣ್ಣ ಎರಡು ಲೇಸು, ದಿನಾ ತೆರೆಯುವುದು ಒಂದೇ ಆಗುತ್ತದೆ. ತುಂಬುವಾಗ ಸೌಟಿನಿಂದ ಅದುಮಿ ಅದುಮಿ ತುಂಬಿ, ಮಧ್ಯೆ ಗಾಳಿ ಉಳಿಯಬಾರದು. ಉಪ್ಪು ಹಾಕಿದ ಬೆಣ್ಣೆಯನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿ ಇಡಬೇಡಿ, ಉಪ್ಪು ಅದನ್ನು ತಿನ್ನುತ್ತದೆ. ಇನ್ನು ಬೆಣ್ಣೆಯನ್ನು ನೀರಿನಲ್ಲೋ ಮಜ್ಜಿಗೆಯಲ್ಲೋ ತೇಲಿಸಿ ಇಡುವ ಹಳೇ ಪದ್ಧತಿ ಇದೆಯಲ್ಲ, ಅದು ಉಪ್ಪಿಲ್ಲದ ಬೆಣ್ಣೆಗೆ. ಫ್ರಿಜ್ಜಿಲ್ಲದ ಕಾಲದಲ್ಲಿ ಗಾಳಿ ತಾಗದಂತೆ, ತಂಪಾಗಿರುವಂತೆ ಹಾಗೆ ಇಡುತ್ತಿದ್ದರು, ನೀರನ್ನು ದಿನಾ ಬದಲಿಸುತ್ತಿದ್ದರು. ಉಪ್ಪು ಹಾಕಿದ್ದನ್ನು ಹಾಗೆ ಇಟ್ಟರೆ ಮೇಲ್ಭಾಗದ ಉಪ್ಪು ನೀರಿಗೆ ಇಳಿದುಹೋಗುತ್ತದೆ.

ಇಷ್ಟೆಲ್ಲ ಮಾಡಿದ ಬೆಣ್ಣೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ಎರಡರಿಂದ ಮೂರು ವಾರ ಚೆನ್ನಾಗಿರುತ್ತದೆ. ಮೊದಲು ಒಂದು ವಾರ ಮುಟ್ಟುತ್ತಿರಲಿಲ್ಲ. ಆದರೆ ಉಪ್ಪು ಹಾಕಿದ್ದೇನೆ ಅಂತ ಬೇಸಿಗೆಯಲ್ಲಿ ಹೊರಗೆ ಇಡಬೇಡಿ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಬೆಣ್ಣೆ ಕರಗುತ್ತದೆ, ಕರಗಿದರೆ ಸಣ್ಣ ಹನಿಗಳೆಲ್ಲ ಕೂಡಿ ತಳಕ್ಕೆ ಇಳಿಯುತ್ತವೆ. ನಾದಿದ್ದೆಲ್ಲ ವ್ಯರ್ಥ.

ಉಪ್ಪಿನ ಇನ್ನೊಂದು ಗುಣವನ್ನೂ ಹೇಳಬೇಕು. ಬ್ಯಾಕ್ಟೀರಿಯಾ ತಡೆಯುವ ಉಪ್ಪು ಗಾಳಿಯನ್ನು ತಡೆಯುವುದಿಲ್ಲ. ನಮ್ಮದು ಮೊಸರು ಕಡೆದ ಹುಳಿ ಬೆಣ್ಣೆ. ಹುಳಿ ಮತ್ತು ಉಪ್ಪು ಎರಡೂ ಕೂಡಿದರೆ ದಿನ ಕಳೆದಂತೆ ಕೊಬ್ಬು ಬೇಗ ಕಮಟಾಗುತ್ತದೆ. ಅದಕ್ಕೇ ಹುಳಿ ಹೋಗುವಷ್ಟು ತೊಳೆದ ಮೇಲೆಯೇ ಉಪ್ಪು ಹಾಕಬೇಕು. ಎರಡು ತಿಂಗಳು ಇಡಬೇಕು ಅನ್ನುವ ಬೆಣ್ಣೆಗೆ ಉಪ್ಪು ಹಾಕಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಚೆನ್ನಾಗಿ ತೊಳೆದು ನಾದಿ, ಗಾಳಿಯಾಡದಂತೆ ಸುತ್ತಿ ಫ್ರೀಜರ್‌ಗೆ ಹಾಕಿ. ಆ ಚಳಿಯಲ್ಲಿ ಬ್ಯಾಕ್ಟೀರಿಯಾ ಹೇಗೂ ಬೆಳೆಯುವುದಿಲ್ಲ, ಉಪ್ಪಿಗೆ ಅಲ್ಲಿ ಕೆಲಸವೇ ಇಲ್ಲ.

ಕೆಟ್ಟಿತೋ ಇಲ್ಲವೋ, ಕೆಟ್ಟರೆ ಎಲ್ಲಿ ತಪ್ಪಾಯಿತು ಅಂತ ಮೂಗೇ ಹೇಳುತ್ತದೆ. ಕತ್ತರಿಸಿದಾಗ ಮಧ್ಯದಿಂದ ಹಳೇ ಮಜ್ಜಿಗೆಯ ಹುಳಿ ವಾಸನೆ ಬಂದರೆ ತೊಳೆದದ್ದು ಸಾಲದು. ಒಳಗೆ ಚೆನ್ನಾಗಿದ್ದು ಮೇಲ್ಪದರ ಮಾತ್ರ ಕೊಳೆತ ವಾಸನೆ ಬಂದರೆ ನೀರನ್ನೋ ಪಾತ್ರೆಯನ್ನೋ ಅನುಮಾನಿಸಿ. ಹಳೇ ಎಣ್ಣೆಯ ಡಬ್ಬಿ ತೆರೆದ ಹಾಗೆ, ಅಥವಾ ಲೋಹ ನೆಕ್ಕಿದ ಹಾಗೆ ಅನ್ನಿಸಿದರೆ ಗಾಳಿ, ಬೆಳಕು ತಾಗಿ ಕಮಟಾಗಿದೆ. ಹಸಿರು ಇಲ್ಲವೇ ಕಪ್ಪು ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ತಿನ್ನಬೇಡಿ, ಪೂರ್ತಿ ಚೆಲ್ಲಿ. ಇವ್ಯಾವುದೂ ಅಲ್ಲದೆ, ತೆಗೆದ ದಿನವೇ ಬೆಣ್ಣೆ ಕಹಿಯಾಗಿದ್ದರೆ ತಪ್ಪು ಕೆನೆಯಲ್ಲಿದೆ. ಹತ್ತು ಹನ್ನೆರಡು ದಿನ ಕೂಡಿಟ್ಟ ಕೆನೆ ಕಡೆಯುವ ಮೊದಲೇ ಹಾಳಾಗಿರುತ್ತದೆ, ಕೊಬ್ಬಿನೊಳಗೆ ಸೇರಿದ ಆ ಕಹಿಯನ್ನು ಯಾವ ನೀರೂ ತೊಳೆಯಲಾರದು. ಕೆನೆಯನ್ನು ಐದಾರು ದಿನಕ್ಕೊಮ್ಮೆ ಕಡೆದುಬಿಡಿ.

ತುಪ್ಪಕ್ಕೆ ಅಂತ ಇಡುವ ಪಾಲನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡಿ. ಉಪ್ಪಿನ ಬೆಣ್ಣೆ ಕಾಸಿದರೂ ತುಪ್ಪವೇನೋ ಬರುತ್ತದೆ, ಉಪ್ಪು ತುಪ್ಪದಲ್ಲಿ ಕರಗದೆ ಗಸಿಯಲ್ಲೇ ಉಳಿಯುತ್ತದೆ. ಆದರೆ ಬಿಸಿ ಅನ್ನಕ್ಕೋ ಚಪಾತಿಗೋ ಸಕ್ಕರೆ ಹಾಕಿ ಮಕ್ಕಳಿಗೆ ಕಲಸಿ ಕೊಡುವ ಆ ಗಸಿ ಉಪ್ಪುಪ್ಪಾಗಿ ಬಾಯಿಗಿಡಲಾಗುವುದಿಲ್ಲ. ನಮ್ಮ ಮನೆಯಲ್ಲಿ ಗಸಿಗೆ ಕಾಯುವವರು ಇಬ್ಬರಿದ್ದಾರೆ, ಅದಕ್ಕೇ ಅರ್ಧ ಬೆಣ್ಣೆಗೆ ನಾನು ಉಪ್ಪು ಸೋಕಿಸುವುದೇ ಇಲ್ಲ.